ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಇರುವ ಸ್ಕ್ರೀನ್‌ಶಾಟನ್ನು ನಾನು ಕನ್ನಡಕ್ಕೆ ತರುವ ರೀತಿ

ಅನುವಾದಕ್ಕೆ ಅಂತ ನನಗೆ ಬರುವ ಸ್ಕ್ರೀನ್‌ಶಾಟ್‌ಗಳಲ್ಲಿ ಪೂರ್ತಿ ಕನ್ನಡದ್ದು ಕಡಿಮೆ. ಹೆಚ್ಚಿನವು ಹೀಗಿರುತ್ತವೆ:

```
Sir actually nanu last week ne inform madidde alva,
but neevu innu confirm madilla.
Swalpa serious agi togolli please
```

ಇದನ್ನು ಶುದ್ಧ ಕನ್ನಡದಲ್ಲಿ ಬರೆದುಕೊಡಿ ಅಂದರೆ ಹಲವರು ಇಂಗ್ಲಿಷ್ ಪದಗಳನ್ನು ಮಾತ್ರ ಕಿತ್ತು, ನಿಘಂಟಿನ ಪದ ಕೂರಿಸುತ್ತಾರೆ. ಆಗ ಬರುವುದು ಇದು: ‘ಮಾನ್ಯರೇ, ವಾಸ್ತವವಾಗಿ ನಾನು ಕಳೆದ ವಾರವೇ ಮಾಹಿತಿ ನೀಡಿದ್ದೆನಲ್ಲವೇ, ಆದರೆ ತಾವು ಇನ್ನೂ ದೃಢೀಕರಿಸಿಲ್ಲ. ದಯವಿಟ್ಟು ಗಂಭೀರವಾಗಿ ಪರಿಗಣಿಸಿ.’ ಅರ್ಥ ತಪ್ಪಿಲ್ಲ. ಆದರೆ ಮೊಬೈಲಲ್ಲಿ ಬೇಸರದಿಂದ ಟೈಪ್ ಮಾಡಿದವರು ಇಲ್ಲಿ ಕಾಣುವುದಿಲ್ಲ, ಅರ್ಜಿ ಗುಮಾಸ್ತರು ಕಾಣುತ್ತಾರೆ.

ನಾನು ಮೊದಲು ಸಾಲನ್ನು ಕೈಯಾರೆ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುತ್ತೇನೆ. ಚಿತ್ರದಿಂದ ಅಕ್ಷರ ಎತ್ತುವ ಆ್ಯಪ್‌ಗಳಿಗೆ ಈ ಬರಹ ಕನ್ನಡ ಅಂತ ಎಷ್ಟೋ ಸಲ ಗೊತ್ತಾಗುವುದಿಲ್ಲ, ಅದಕ್ಕೇ ಅವು ಕೊಟ್ಟದ್ದನ್ನು ಹಾಗೇ ನಂಬುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದಲ್ಲಿ ದೀರ್ಘ ಸ್ವರ ಹೆಚ್ಚಾಗಿ ಕಾಣುವುದಿಲ್ಲ ಅನ್ನುವುದು ಇನ್ನೊಂದು ತೊಡಕು. ಇಲ್ಲಿನ `innu` ‘ಇನ್ನು’ ಆಗಬಹುದು, ‘ಇನ್ನೂ’ ಆಗಬಹುದು. ಮುಂದೆ ‘ಮಾಡಿಲ್ಲ’ ಇದೆ, ಹಾಗಾಗಿ ‘ಇನ್ನೂ’. `madidde` ಕೊನೆಯಲ್ಲಿ ಎರಡು `d` ಜೊತೆಯಾಗಿ ಇರುವುದನ್ನೂ ನೋಡಬೇಕು. ಅದು ‘ಮಾಡಿದೆ’ ಅಲ್ಲ, ‘ಮಾಡಿದ್ದೆ’. ಹಿಂದೆಯೇ ಮಾಡಿ ಮುಗಿಸಿದ್ದೆ ಅನ್ನುವ ಒತ್ತು ಅದರಲ್ಲಿದೆ. `last week` ಪಕ್ಕ ಬಿಡಿಯಾಗಿ ನಿಂತ `ne` ಕೂಡ ಬೇರೆ ಪದವಲ್ಲ, ‘ಹೋದ ವಾರಾನೇ’ ಅನ್ನುವುದರ ಬಾಲ.

ಲಿಪಿ ಬದಲಾದ ಮೇಲೆ ದನಿ ಎಲ್ಲಿದೆ ಅಂತ ಹುಡುಕುತ್ತೇನೆ. ನನ್ನ ಅನುಭವದಲ್ಲಿ ಅದು ಹೆಚ್ಚಾಗಿ ಇಂಗ್ಲಿಷ್ ಪದಗಳಲ್ಲಿ ಇರುವುದಿಲ್ಲ, ಅವುಗಳ ಸಂದಿಯಲ್ಲಿರುವ ಪುಟ್ಟ ಕನ್ನಡದಲ್ಲಿ ಇರುತ್ತದೆ. ‘ವಾರವೇ’ ಅನ್ನುವಲ್ಲಿನ ಏಕಾರ, ‘ಅಲ್ವಾ’, ‘ಇನ್ನೂ’, ‘ಸ್ವಲ್ಪ’. ಈ ನಾಲ್ಕೂ ಸೇರಿ ‘ನಾನು ನನ್ನ ಕೆಲಸ ಮಾಡಿದ್ದೀನಿ, ನೀವು ಮಾಡಿಲ್ಲ’ ಅನ್ನುತ್ತಿವೆ, ಆದರೆ ಮರ್ಯಾದೆ ಬಿಡದೆ. ಇವನ್ನು ಮುಟ್ಟುವುದಿಲ್ಲ. ‘ಅಲ್ವಾ’ ಹೋಗಿ ‘ಅಲ್ಲವೇ’ ಬಂದರೂ ಚುಚ್ಚು ಮೊಂಡಾಗುತ್ತದೆ.

ಇನ್ನು ಇಂಗ್ಲಿಷ್ ಪದಗಳು. ‘ಆಕ್ಚುಲಿ’ಯನ್ನು ಪೂರ್ತಿ ಬಿಟ್ಟೆ. ಇಲ್ಲಿ ಅದರ ಕೆಲಸ ಎದುರು ಮಾತನ್ನು ಮೆತ್ತಗೆ ಶುರುಮಾಡುವುದು ಅಷ್ಟೇ, ಆ ಕೆಲಸವನ್ನು ‘ಅಲ್ವಾ’ ಮಾಡುತ್ತಿದೆ. ‘ಇನ್‌ಫಾರ್ಮ್ ಮಾಡಿದ್ದೆ’ಗೆ ಮೊದಲು ‘ಹೇಳಿದ್ದೆ’ ಸಾಕು ಅನ್ನಿಸಿತು. ಆದರೆ ಬರೆದವರು ಬೇಕಂತಲೇ ಆಫೀಸಿನ ಪದ ಬಳಸಿದ್ದಾರೆ, ಮುಂದೆ ಇದು ದಾಖಲೆ ಆಗಲಿ ಅಂತ. ‘ತಿಳಿಸಿದ್ದೆ’ ಅಂದರೆ ಆ ತೂಕ ಉಳಿಯುತ್ತದೆ, ಮಾತು ಬಿಗಿಯಾಗುವುದೂ ಇಲ್ಲ.

ತುಂಬ ತಲೆ ತಿಂದದ್ದು ಕೊನೆಯ ‘ಪ್ಲೀಸ್’. ಕನ್ನಡದಲ್ಲಿ ‘ದಯವಿಟ್ಟು’ ವಾಕ್ಯದ ಮೊದಲಲ್ಲಿ ಬಂದರೆ ಅದು ಗೋಡೆಗೆ ಅಂಟಿಸಿದ ಸೂಚನೆ ಥರ ಕೇಳುತ್ತದೆ. ಕೊನೆಯಲ್ಲಿಟ್ಟರೆ ಬೇಡಿದ ಹಾಗೆ. ಇಲ್ಲಿ ಬೇಕಿರುವುದು ಎರಡೂ ಅಲ್ಲ, ಸೋತ ತಾಳ್ಮೆ. ಹಾಗಾಗಿ ‘ಪ್ಲೀಸ್’ ಜಾಗಕ್ಕೆ ಇನ್ನೊಂದು ‘ಸರ್’ ತಂದೆ:

‘ಸರ್, ನಾನು ಹೋದ ವಾರವೇ ತಿಳಿಸಿದ್ದೆ ಅಲ್ವಾ. ಆದರೆ ನೀವು ಇನ್ನೂ ಖಚಿತ ಮಾಡಿಲ್ಲ. ಸ್ವಲ್ಪ ಗಂಭೀರವಾಗಿ ತಗೊಳ್ಳಿ ಸರ್.’

‘ಸರ್’ ಇಂಗ್ಲಿಷ್ ಅಲ್ವಾ ಅಂತ ಕೇಳುವವರಿದ್ದಾರೆ. ಅದನ್ನು ನಾನು ಕನ್ನಡವೆಂದೇ ಲೆಕ್ಕ ಹಾಕುತ್ತೇನೆ. ‘ಸ್ವಾಮಿ’ ಅಂತ ಬದಲಾಯಿಸಿದರೆ ಇಡೀ ಸಾಲು ವ್ಯಂಗ್ಯವಾಗಿಬಿಡುತ್ತದೆ, ‘ಮಾನ್ಯರೇ’ ಅಂದರೆ ಮತ್ತೆ ಅರ್ಜಿ.

ಪರೀಕ್ಷೆ ಸುಲಭ. ಮೂಲ ನೋಡದ ಒಬ್ಬರಿಗೆ ಇದನ್ನು ಓದಿ ಹೇಳಿ, ಬರೆದವರು ಯಾವ ಮನಸ್ಥಿತಿಯಲ್ಲಿದ್ದಾರೆ ಅಂತ ಕೇಳುತ್ತೇನೆ. ‘ಬೇಸರ ಆಗಿದೆ, ಆದರೂ ಜಗಳಕ್ಕೆ ಬಂದಿಲ್ಲ’ ಅಂದರೆ ಸರಿ. ‘ಸುಮ್ನೆ ನೆನಪಿಸುತ್ತಿದ್ದಾರೆ’ ಅಂದರೆ ಎಲ್ಲೋ ಉಪ್ಪು ಬಿಟ್ಟುಹೋಗಿದೆ. ಸ್ಕ್ರೀನ್‌ಶಾಟಿನ ಮೇಲಿನ, ಕೆಳಗಿನ ಮೆಸೇಜನ್ನೂ ಕೇಳಿ ತರಿಸಿಕೊಳ್ಳುತ್ತೇನೆ. ಕತ್ತರಿಸಿದ ಚಿತ್ರದಲ್ಲಿ ಸಲುಗೆಯೂ ಸಿಟ್ಟೂ ಒಂದೇ ಥರ ಕಾಣಬಹುದು.

ಇದು ಕೈಕೊಡುವ ಜಾಗವೂ ಇದೆ. ಇಬ್ಬರು ಗೆಳೆಯರು ಕನ್ನಡದಲ್ಲೇ ಮಾತಾಡುತ್ತಾ, ಒಬ್ಬರು ಇದ್ದಕ್ಕಿದ್ದಂತೆ `ok fine, do whatever you want` ಅಂತ ಇಂಗ್ಲಿಷಿಗೆ ಜಿಗಿದರೆ, ಆ ಜಿಗಿತವೇ ಸಿಟ್ಟು. ಎಲ್ಲವೂ ಕನ್ನಡವಾದ ಮೇಲೆ ಜಿಗಿಯಲು ಜಾಗ ಇರುವುದಿಲ್ಲ. ಆಗ ನಾನು ‘ಬಿಡು’ವನ್ನು ನೆಚ್ಚಿಕೊಳ್ಳುತ್ತೇನೆ: ‘ಸರಿ ಬಿಡು. ನಿನಗೆ ಹೇಗೆ ಬೇಕೋ ಹಾಗೆ ಮಾಡು.’ ಸಿಟ್ಟು ಬರುತ್ತದೆ, ಆದರೆ ಇಂಗ್ಲಿಷಿಗೆ ಹೋಗಿ ಅವರು ದೂರ ನಿಂತದ್ದು ಪೂರ್ತಿ ಬರುವುದಿಲ್ಲ. ಅಂಥ ಕಡೆ ‘ಈ ಸಾಲು ಮೂಲದಲ್ಲಿ ಇಂಗ್ಲಿಷಿನಲ್ಲಿದೆ’ ಅಂತ ಪಕ್ಕದಲ್ಲಿ ಬರೆದು ಕೊಡುತ್ತೇನೆ.