ಚಂದ್ರಕಾಳಿಗೆ ಬೇರೆ ಬಣ್ಣ, ಅದೇ ಕಸೂತಿ: ಸಿಎಫ್‌ಜಿ, ಸ್ಟೆಪ್ ಎಷ್ಟಿಟ್ಟರೆ ನಿಂತಿತು

ಹುಬ್ಬಳ್ಳಿ ಸೀರೆ ಅಂಗಡಿಗಳ ಕ್ಯಾಟಲಾಗ್ ಕೆಲಸದಲ್ಲಿ ಒಂದು ಬೇಡಿಕೆ ಮತ್ತೆ ಮತ್ತೆ ಬರುತ್ತದೆ. ಕಪ್ಪು ಚಂದ್ರಕಾಳಿ ಸೀರೆ ಮೇಲಿನ ಕಸೂತಿ ಇದ್ದ ಹಾಗೇ ಇರಬೇಕು, ಒಡಲು ಮಾತ್ರ ಕುಂಕುಮಗೆಂಪು ಅಥವಾ ಗಿಳಿಹಸಿರು ಆಗಿ ಕಾಣಬೇಕು. ಕೈಯಿಂದ ಹಾಕಿಸಿ ನೋಡಬೇಕೆಂದರೆ ವಾರಗಟ್ಟಲೆ ಕಾಯಬೇಕು. ಇದನ್ನು ಡಿಫ್ಯೂಷನ್‌ನಲ್ಲಿ, ಅಂದರೆ ನಾಯ್ಸ್ ಹಂತಹಂತವಾಗಿ ತೆಗೆದು ಚಿತ್ರ ಮಾಡುವ ಎಐನಲ್ಲಿ, ಮಾಡುತ್ತೇನೆಂದಾಗ ಧಾರವಾಡದ ಕಸೂತಿ ಹೆಣ್ಣುಮಕ್ಕಳು ಹೇಳಿದ್ದು ಒಂದೇ ಮಾತು: "ಅದರಾಗ ಗೋಪುರ ಉಳಿಯೂದಿಲ್ಲ ಬಿಡ್ರಿ, ಗುಡ್ಡ ಆಗ್ತೈತಿ." ಮೊದಲ ಮೂರು ವಾರ ಅವರ ಮಾತೇ ಖರೆ ಆಯಿತು. ಈಗ ಅದೇ ಗೋಪುರದ ಮೆಟ್ಟಿಲು ಎಣಿಸಿ ತೋರಿಸುತ್ತೇನೆ, ಆರಕ್ಕೆ ಆರು.

ಟೂಲು ಎಸ್‌ಡಿಎಕ್ಸ್‌ಎಲ್ ಮಾಡೆಲ್, ಇಮೇಜ್-ಟು-ಇಮೇಜ್, ಅಂದರೆ ಕೊಟ್ಟ ಫೋಟೊವನ್ನೇ ಪ್ರಾಂಪ್ಟ್ ಪ್ರಕಾರ ಬದಲಿಸುವ ರೀತಿ. ರೆಫರೆನ್ಸ್ ಎಂದರೆ ಸೆರಗಿನ ಫೋಟೊ, 1024ಕ್ಕೆ 1024. ಪ್ರಾಂಪ್ಟ್‌ನಲ್ಲಿ ಕುಂಕುಮಗೆಂಪು ರೇಷ್ಮೆ, ಬಿಳಿ ಎಳೆಯ ಕಸೂತಿ. ಸ್ಟ್ರೆಂತ್ ಎಂದರೆ ಫೋಟೊವನ್ನು ಎಷ್ಟು ಬದಲಿಸಬಹುದು, ಸಿಎಫ್‌ಜಿ ಎಂದರೆ ಪ್ರಾಂಪ್ಟಿಗೆ ಎಷ್ಟು ಜೋರು, ಸ್ಟೆಪ್ ಎಂದರೆ ನಾಯ್ಸ್ ತೆಗೆಯುವ ಹೆಜ್ಜೆಗಳ ಎಣಿಕೆ. ಸ್ಟ್ರೆಂತ್ 0.35 ಇಟ್ಟು ಸಿಎಫ್‌ಜಿ 5ರಲ್ಲಿ ಓಡಿಸಿದರೆ ಕಪ್ಪು ಸೀರೆ ಕಪ್ಪಾಗಿಯೇ ಬಂತು, ಮಡಿಕೆಗಳ ಅಂಚಿನಲ್ಲಿ ಮಾತ್ರ ತುಸು ಕೆಂಪು. 9ಕ್ಕೆ ಏರಿಸಿದೆ. ಅಲ್ಲಲ್ಲಿ ಕೆಂಪು ತೇಪೆ ಹಚ್ಚಿದಂತಾಗಿ ಬಿಳಿ ಎಳೆ ಗುಲಾಬಿಗೆ ತಿರುಗಿತು. 14ರಲ್ಲಿ ಚಿತ್ರವೇ ಸುಟ್ಟಿತು: ಎಳೆಗಳು ಟ್ಯೂಬ್‌ಲೈಟಿನಂತೆ ಹೊಳೆದು, ಮೆಟ್ಟಿಲುಗಳು ಒಂದರೊಳಗೊಂದು ಸೇರಿಹೋದವು. ಬಣ್ಣ ಮಾತ್ರ ಆಗಲೂ ಪೂರ್ತಿ ಬರಲಿಲ್ಲ.

ಆಮೇಲೆ ಸ್ಟ್ರೆಂತ್ 0.7 ಮಾಡಿದೆ. ಕೆಂಪು ಚಂದ ಬಂತು, ಕಸೂತಿ ಹೋಯಿತು. ಆರು ಮೆಟ್ಟಿಲ ಗೋಪುರ, ಶುರುವಿನ ನಾಯ್ಸ್ ಆಯುವ ಸೀಡ್ ನಂಬರು ಬದಲಿಸಿದಂತೆ, ಒಂದರಲ್ಲಿ ನಾಲ್ಕು ಮೆಟ್ಟಿಲಾದರೆ ಇನ್ನೊಂದರಲ್ಲಿ ಒಂಬತ್ತು. ಹೀಗೆ ಹಿಂದೆ ಮುಂದೆ ಎಳೆದಾಡುತ್ತ ಬಾಡಿಗೆ ಜಿಪಿಯುಗೆ ಗಂಟೆಗೆ ₹45ರಂತೆ ಆರೇಳು ಸಾವಿರ ರೂಪಾಯಿ ಹೋಯಿತು.

ತಪ್ಪಿದ್ದದ್ದು ನಂಬರಿನಲ್ಲಲ್ಲ. ಒಡಲಿನ ಒಟ್ಟು ಬಣ್ಣ ತೀರ್ಮಾನವಾಗುವುದು ನಾಯ್ಸ್ ದಟ್ಟವಾಗಿರುವ ಮೊದಲ ಹಂತಗಳಲ್ಲಿ, ಎಳೆಯ ಗೆರೆ ಮೂಡುವುದು ಕೊನೆಯ ಹಂತಗಳಲ್ಲಿ. ಸ್ಟ್ರೆಂತ್ 0.35 ಎಂದರೆ ಆ ಮೊದಲ ಹಂತಗಳನ್ನೇ ದಾಟಿ ನಡುವಿನಿಂದ ಶುರು. ಅಷ್ಟೊತ್ತಿಗೆ ಕಪ್ಪು ಗಟ್ಟಿಯಾಗಿ ಕೂತಿರುತ್ತದೆ. ಸಿಎಫ್‌ಜಿ ಮಾಡುವುದು ಪ್ರಾಂಪ್ಟ್ ಇದ್ದಾಗಿನ ಊಹೆಗೂ ಇಲ್ಲದಾಗಿನ ಊಹೆಗೂ ಇರುವ ಅಂತರವನ್ನು ಹಿಗ್ಗಿಸುವುದಷ್ಟೇ. ರೆಫರೆನ್ಸ್ ಎರಡೂ ಊಹೆಗಳಲ್ಲಿ ಇದ್ದೇ ಇರುವುದರಿಂದ ಅದಕ್ಕೆ ಸಿಎಫ್‌ಜಿಯಿಂದ ಏನೂ ಬಲ ಸಿಗುವುದಿಲ್ಲ. ಏರಿಸಿದಷ್ಟೂ ಪ್ರಾಂಪ್ಟ್ ಒಂದೇ ಜೋರಾಗುತ್ತದೆ. ಕಡಿಮೆ ಸ್ಟ್ರೆಂತ್‌ನಲ್ಲಿ ಆ ಜೋರು ಬಣ್ಣಕ್ಕೆ ತಲುಪದೆ ಎಳೆಗಳ ಮೇಲೇ ಬೀಳುತ್ತದೆ.

ಹಾಗಾಗಿ ಬಣ್ಣದ ಕೆಲಸವನ್ನು ಡಿಫ್ಯೂಷನ್‌ನಿಂದ ತೆಗೆದೇಬಿಟ್ಟೆ. ಗಿಂಪ್‌ನಲ್ಲಿ ಫೋಟೊ ಮೇಲೆ ಕುಂಕುಮಗೆಂಪಿನ ಲೇಯರ್ ಹಾಕಿ ಮೋಡ್ Screen ಇಡುವುದು. ಕಪ್ಪು ಕೆಂಪಾಗುತ್ತದೆ, ಬಿಳಿ ಬಿಳಿಯಾಗಿಯೇ ಉಳಿಯುತ್ತದೆ. Multiply ಇಟ್ಟರೆ ಕಪ್ಪು ಕಪ್ಪಾಗಿಯೇ ಇರುತ್ತದೆ, ಅದನ್ನು ನೆಚ್ಚಬೇಡಿ. ಬಣ್ಣದ ಎಳೆ ಇದ್ದರೆ ಅದಕ್ಕೆ ಲೇಯರ್ ಬಣ್ಣ ತಾಗದಂತೆ ತಡೆಯುವ ಮಾಸ್ಕ್ ಬೇಕೇ ಬೇಕು, ಇಲ್ಲವಾದರೆ ಹಸಿರು ಎಳೆ ಹಳದಿ ಕಡೆ ವಾಲುತ್ತದೆ. ಮಾಸ್ಕ್ ಅಂಚನ್ನು ಎಷ್ಟು ಮೆತ್ತಗೆ ಮಾಡುತ್ತೇನೆಂಬುದು ನನ್ನ ಹತ್ತಿರವೇ ಇರಲಿ, ಅದರಲ್ಲೇ ನನ್ನ ದುಡಿಮೆ ಇದೆ.

ಇಲ್ಲಿಗೆ ಬಣ್ಣ ಸಿಕ್ಕಿತು, ಆದರೆ ಬಟ್ಟೆ ಸತ್ತಂತೆ ಕಾಣುತ್ತದೆ. ಕಪ್ಪಿನಲ್ಲಿ ಅಡಗಿದ್ದ ಮಡಿಕೆ, ರೇಷ್ಮೆಯ ಹೊಳಪು ಕೆಂಪಿನಲ್ಲಿ ಮೂಡಿರುವುದಿಲ್ಲ. ಡಿಫ್ಯೂಷನ್‌ಗೆ ಈಗ ಉಳಿದಿರುವುದು ಆ ಹೊಳಪು ತರುವ ಕೆಲಸ ಮಾತ್ರ, ಅದಕ್ಕೆ ಪ್ರಾಂಪ್ಟ್ ಬೊಬ್ಬೆ ಹಾಕಬೇಕಿಲ್ಲ. ಕೆಳಗಿನ ref ಎಂದರೆ ಈಗ ಆ ಕೆಂಪು ಲೇಯರ್ ಹಾಕಿದ ಫೋಟೊ:

```python
g = torch.Generator("cuda").manual_seed(11)
img = pipe(prompt=p, negative_prompt=n, image=ref,
           strength=0.35, guidance_scale=4.5,
           num_inference_steps=40, generator=g).images[0]
```

40 ಸ್ಟೆಪ್ ಬರೆದರೂ ಓಡುವುದು 40ರ 0.35 ಪಾಲು, ಅಂದರೆ 14. ಸ್ಟೆಪ್‌ನ ಪೂರ್ತಿ ಗೊಂದಲ ಇದರಲ್ಲಿದೆ. 12 ಕೊಟ್ಟಾಗ ನಾಲ್ಕೇ ಓಡಿದವು, ಲೇಯರ್ ಹಾಕಿದ ಸತ್ತ ಕೆಂಪು ಹಾಗೇ ಮರಳಿ ಬಂತು. 20 ಕೊಟ್ಟರೆ ಏಳು ಓಡಿ ಹೊಳಪು ಅರ್ಧಮರ್ಧ. 40ರಲ್ಲಿ ಮಡಿಕೆ, ನೆರಳು ಎಲ್ಲ ಕೂಡಿಬಂದವು. 80 ಕೊಟ್ಟು ಪಕ್ಕಪಕ್ಕ ಇಟ್ಟು ನೋಡಿದೆ, ಹೊತ್ತು ಎರಡುಪಟ್ಟು ಹಿಡಿದದ್ದು ಬಿಟ್ಟರೆ ಬೇರೆ ಫರಕು ಕಾಣಲಿಲ್ಲ. ಇದು DPM++ 2M ಸ್ಯಾಂಪ್ಲರ್‌ನ, ಅಂದರೆ ನಾಯ್ಸ್ ತೆಗೆಯುವ ಆ ವಿಧಾನದ, ಮಾತು. Euler a ಇದ್ದರೆ ಲೆಕ್ಕ ಬೇರೆ. ಅದು ಪ್ರತಿ ಸ್ಟೆಪ್‌ಗೂ ಹೊಸ ನಾಯ್ಸ್ ಸೇರಿಸುತ್ತದೆ, ಸ್ಟೆಪ್ ಹೆಚ್ಚಿಸಿದರೂ ಚಿತ್ರ ಒಂದು ಕಡೆ ನಿಲ್ಲುವುದಿಲ್ಲ. 40ಕ್ಕೆ ಸರಿಯಿದ್ದ ತುಳಸಿಕಟ್ಟೆ 80ಕ್ಕೆ ಬೇರೆಯೇ ಆಗಿತ್ತು. ರೆಫರೆನ್ಸ್ ಉಳಿಸುವ ಕೆಲಸಕ್ಕೆ ಹೆಸರಿನ ಕೊನೆಗೆ a ಇರುವ ಸ್ಯಾಂಪ್ಲರ್ ಮುಟ್ಟುವುದೇ ಬೇಡ.

ಸ್ಟೆಪ್ ಕಡಿಮೆ, ಸಿಎಫ್‌ಜಿ ಜಾಸ್ತಿ, ಈ ಜೋಡಿ ಎಲ್ಲಕ್ಕಿಂತ ಕೆಟ್ಟದ್ದು. 20 ಸ್ಟೆಪ್‌ಗೆ ಸಿಎಫ್‌ಜಿ 7 ಇಟ್ಟಾಗ ಎಳೆ ಸುತ್ತ ಬೆಳಕಿನ ಅಂಚು ಬಂತು. ಅದೇ 7 ಅನ್ನು 40 ಸ್ಟೆಪ್ ಒಂದಿಷ್ಟು ತಡೆದುಕೊಂಡಿತು, ಏಕೆಂದರೆ ಅಲ್ಲಿ ಒಂದೊಂದು ಹೆಜ್ಜೆಯೂ ಚಿಕ್ಕದು. ಸುಟ್ಟಿದ್ದು ಮೊದಲು ಗೊತ್ತಾಗುವುದು ಮೆಂತಿ ಹೊಲಿಗೆಯಲ್ಲಿ. ಅದರ ಸಣ್ಣ ಕತ್ತರಿಗೀಟುಗಳು ಕೂಡಿ ಚುಕ್ಕೆಗಳಾಗುತ್ತವೆ. ಗವಂತಿ, ಮುರ್ಗಿ ಹೊಲಿಗೆಯ ಗೆರೆಗಳು ಅದಕ್ಕಿಂತ ತಡವಾಗಿ ಕೆಡುತ್ತವೆ. ಅದಕ್ಕೇ ನಾನು ಮೊದಲು ಮೆಂತಿ ಇದ್ದ ಜಾಗ ದೊಡ್ಡದು ಮಾಡಿ ನೋಡುತ್ತೇನೆ, ಗೋಪುರದ ಮೆಟ್ಟಿಲು ಎಣಿಸುವುದು ಆಮೇಲೆ.

ಕೆಲವೇ ಸ್ಟೆಪ್‌ನಲ್ಲಿ ಚಿತ್ರ ಮುಗಿಸುವ ಲೈಟ್ನಿಂಗ್ ಮಾಡೆಲ್ ಬಳಸುವವರಿಗೆ ಒಂದು ಮಾತು. ಎಂಟು ಸ್ಟೆಪ್‌ಗೆ 0.35 ಕೊಟ್ಟರೆ 2.8 ಬರಬೇಕು, ಆದರೆ ದಶಾಂಶ ಕತ್ತರಿಸಿ ಎರಡೇ ಓಡುತ್ತವೆ. ಅಂದರೆ ಖರೆ ಸ್ಟ್ರೆಂತ್ 0.25. ಮೇಲಾಗಿ ಅಲ್ಲಿ ಸಿಎಫ್‌ಜಿ 1ರ ಆಸುಪಾಸು ಇರುತ್ತದೆ. 1 ಇದ್ದರೆ ಗೈಡೆನ್ಸ್ ಇಲ್ಲವೇ ಇಲ್ಲ, ನೆಗೆಟಿವ್ ಪ್ರಾಂಪ್ಟನ್ನು ಅದು ಓದುವುದೂ ಇಲ್ಲ. ಎರಡೂ ಕಡೆಯಿಂದ ರೆಫರೆನ್ಸೇ ಗೆಲ್ಲುತ್ತದೆ, ನೋಡುವವರಿಗೆ "ಏನೂ ಬದಲೇ ಆಗಲಿಲ್ಲ" ಅನ್ನಿಸುತ್ತದೆ. ಅಲ್ಲಿ ಸ್ಟ್ರೆಂತ್ ಆಯುವಾಗ ಎಂಟರಿಂದ ಗುಣಿಸಿ ಪೂರ್ಣಸಂಖ್ಯೆ ಬರುವಂಥದ್ದನ್ನೇ ಆಯಿರಿ: 0.375 ಕೊಟ್ಟರೆ ಮೂರು, 0.5 ಕೊಟ್ಟರೆ ನಾಲ್ಕು.

ನಡುವೆ ನವಲಗುಂದ ಜಮಖಾನದ ಮೇಲೂ ಕೈಯಾಡಿಸಿದೆ, ಫೋಟೊದ ಗೆರೆ ತೆಗೆದು ಅದರ ಪ್ರಕಾರವೇ ಚಿತ್ರ ಕೂರಿಸುವ ಕಂಟ್ರೋಲ್‌ನೆಟ್ ಲೈನ್‌ಆರ್ಟ್ ಹಚ್ಚಿ. ಅಲ್ಲಿ ಸಿಎಫ್‌ಜಿಯ ನಡತೆ ಮೋಡ್ ಮೇಲೆ ನಿಂತಿದೆ. Balanced ಇದ್ದಾಗ ರೆಫರೆನ್ಸ್ ಎರಡೂ ಊಹೆಗೆ ಹೋಗುತ್ತದೆ, ಮೇಲೆ ಹೇಳಿದ ಲೆಕ್ಕವೇ. ControlNet is more important ಆಯ್ದರೆ ಅದು ಪ್ರಾಂಪ್ಟ್ ಇರುವ ಊಹೆಗೆ ಮಾತ್ರ ಸೇರುವುದರಿಂದ ಸಿಎಫ್‌ಜಿ ಏರಿಸಿದಷ್ಟೂ ರೆಫರೆನ್ಸ್ ಗಟ್ಟಿಯಾಗುತ್ತದೆ. ಜಮಖಾನದ ದಪ್ಪ ನೇರ ಗೆರೆಗೆ ಇದು ಭಾಳ ಒಗ್ಗಿತು. ಕಸೂತಿಗೆ ಒಗ್ಗಲಿಲ್ಲ, ಲೈನ್‌ಆರ್ಟ್ ತೆಗೆಯುವಾಗಲೇ ಹೊಲಿಗೆಗಳು ಒಂದಕ್ಕೊಂದು ಅಂಟಿಬಿಟ್ಟವು.

ಇಷ್ಟೆಲ್ಲ ಸರಿ ಇಟ್ಟರೂ ಹೊಲಿಗೆ ಕಳೆಯುತ್ತಿದ್ದರೆ ತಪ್ಪು ಸಿಎಫ್‌ಜಿಯದೂ ಅಲ್ಲ, ಸ್ಟೆಪ್‌ನದೂ ಅಲ್ಲ. ಮಾಡೆಲ್‌ನ ವಿಎಇ ಎಂಬ ಭಾಗ ಚಿತ್ರವನ್ನು ಉದ್ದಕ್ಕೂ ಅಗಲಕ್ಕೂ ಎಂಟನೇ ಒಂದಕ್ಕೆ ಇಳಿಸಿ ಮತ್ತೆ ಹಿಗ್ಗಿಸುತ್ತದೆ. ಪೂರ್ತಿ ಸೆರಗನ್ನು ಒಂದೇ ಫ್ರೇಮಿಗೆ ಹಿಡಿದರೆ ಒಂದು ಎಳೆಗೆ ಸಿಗುವುದು ಎರಡು ಮೂರು ಪಿಕ್ಸೆಲ್, ಅದು ಆ ದಾರಿಯಲ್ಲೇ ಅಳಿಸಿಹೋಗುತ್ತದೆ. ಯಾವ ಸ್ಟೆಪ್ಪೂ ಓಡಿಸದೆ ಬರೀ ಎನ್‌ಕೋಡ್, ಡಿಕೋಡ್ ಮಾಡಿ ನೋಡಿ. ಅಲ್ಲೇ ಮೆಂತಿ ಕೆಟ್ಟಿದ್ದರೆ ಫೋಟೊ ಹತ್ತಿರದಿಂದ ತೆಗೆಯಬೇಕು. ಒಂದು ಮೆಂತಿ ಗೀಟಿಗೆ ಹದಿನಾರು ಪಿಕ್ಸೆಲ್ಲಾದರೂ ಸಿಗುವಂತೆ ಸೆರಗನ್ನು ತುಂಡು ತುಂಡಾಗಿ ತೆಗೆದು, ಎಲ್ಲಕ್ಕೂ ಅದೇ ನಂಬರು, ಅದೇ ಲೇಯರ್ ಬಣ್ಣ ಹಚ್ಚಿ ಜೋಡಿಸುತ್ತೇನೆ. ಈಗ ಒಂದು ಬಣ್ಣಕ್ಕೆ ಮಾಸ್ಕ್ ಸೇರಿ ಮುಕ್ಕಾಲು ಗಂಟೆ, ಜಿಪಿಯು ಖರ್ಚು ಹತ್ತು ರೂಪಾಯಿಯೊಳಗೆ, ಅಂಗಡಿಯವರಿಂದ ₹350. ತುಂಡುಗಳ ಜೋಡಣೆ ದಡಿಯ ಹತ್ತಿರ ಇನ್ನೂ ಒಮ್ಮೊಮ್ಮೆ ಕಾಣುತ್ತದೆ, ಅಲ್ಲಿ ಕೈಯಿಂದಲೇ ತಿದ್ದುತ್ತೇನೆ.