ಮೊದಲು ಸಮಯದ ಪಟ್ಟಿ, ಆಮೇಲೆ ಶೀರ್ಷಿಕೆಗಳು: ಒಂದು ಕೇಸ್ ರಿಪೋರ್ಟ್ ಜೋಡಿಸಿದ ನನ್ನ ಅನುಭವ

ವಿಜಯಪುರದಲ್ಲಿ ವೈದ್ಯರ ಟಿಪ್ಪಣಿಗಳನ್ನು ವೈದ್ಯಕೀಯ ಪತ್ರಿಕೆಗಳಿಗೆ ಕೇಸ್ ರಿಪೋರ್ಟ್ ಆಗಿ ಜೋಡಿಸಿಕೊಡುವ ಕೆಲಸವನ್ನು ನಾನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ಇಂಥ ವರದಿಯಲ್ಲಿ ಏನೇನಿರಬೇಕೆಂದು ಹೇಳುವ, 2013ರಲ್ಲಿ ಬಂದ ಕೇರ್ ಮಾರ್ಗಸೂಚಿಯ ಹದಿಮೂರು ಅಂಶಗಳು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತಿರುವುದರಿಂದ ಅವುಗಳನ್ನು ಇಲ್ಲಿ ವಿವರಿಸುವುದಿಲ್ಲ. ಪೀಠಿಕೆಯಿಂದ ಆರಂಭಿಸುವ ರೂಢಿಯನ್ನು ಬಿಟ್ಟು ಸಮಯದ ಪಟ್ಟಿಯಿಂದ ಆರಂಭಿಸುವ ನನ್ನ ಕ್ರಮವನ್ನು ಹಿರಿಯ ವೈದ್ಯರೊಬ್ಬರು ಬಹಳ ದಿನ ಒಪ್ಪಿರಲಿಲ್ಲ. "ಇಷ್ಟೆಲ್ಲಾ ಯಾಕ್ ಬೇಕ್ರೀ? ಪೀಠಿಕೆ ಒಂದ್ ಛಲೋ ಬರದ್ರ ಉಳಿದದ್ದು ತಾನ ಬರ್ತದ" ಎನ್ನುತ್ತಿದ್ದರು. ಅವರದೇ ಘಟಕದ ಪ್ರಕರಣವೊಂದು ಈ ಕ್ರಮದಿಂದಲೇ ಪ್ರಕಟಣೆಗೆ ಅಂಗೀಕೃತವಾದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ರೋಗಿ ನೆಲದ ಮೇಲೆ ಮಲಗಿದ್ದ ಯುವ ರೈತ. ನಸುಕಿನಲ್ಲಿ ಹೊಟ್ಟೆನೋವಿನಿಂದ ಎಚ್ಚರವಾಗಿ, ವಾಂತಿಯಾಗಿ, ಸ್ವಲ್ಪ ಹೊತ್ತಿನಲ್ಲೇ ಕಣ್ಣಿನ ರೆಪ್ಪೆಗಳು ಇಳಿಬಿದ್ದಿದ್ದವು. ಮೈಮೇಲೆ ಕಡಿದ ಗುರುತು ಇರಲಿಲ್ಲ, ಹಾವನ್ನು ಯಾರೂ ನೋಡಿರಲಿಲ್ಲ. ವೈದ್ಯರು ಕ್ರೇಟ್ ಎಂದು ಕರೆಯುವ ಕಟ್ಟು ಹಾವಿನ ಕಡಿತದ ಚಿತ್ರ ಇದೇ ಎಂಬುದು ನಮ್ಮ ಭಾಗದ ವೈದ್ಯರಿಗೆ ತಿಳಿದಿದ್ದರೂ, ಅದನ್ನು ದೂರದ ವಿಮರ್ಶಕನಿಗೆ ಕಾಗದದ ಮೇಲೆ ತೋರಿಸಿಕೊಡುವುದು ಬೇರೆಯೇ ಕೆಲಸ. ಘಟಕದ ಪಿ.ಜಿ. ವಿದ್ಯಾರ್ಥಿ ಬರೆದಿದ್ದ ಮೊದಲ ಕರಡಿನಲ್ಲಿ ಹಾವುಗಳ ಬಗ್ಗೆ ಒಂದೂವರೆ ಪುಟದ ಪೀಠಿಕೆ ಇತ್ತು. ಆದರೆ ರೋಗಿ ವೆಂಟಿಲೇಟರ್ ಮೇಲೆ ಎಷ್ಟು ಕಾಲ ಇದ್ದನೆಂಬುದು ಸಾರಾಂಶದಲ್ಲಿ ಒಂದು ರೀತಿ, ಒಳಗೆ ಇನ್ನೊಂದು ರೀತಿ ಇತ್ತು. ಸಂಪಾದಕರು ಅದನ್ನು ವಿಮರ್ಶೆಗೂ ಕಳಿಸದೆ ಹಿಂದಿರುಗಿಸಿದರು. ಆಮೇಲೆ ವಾರದೊಳಗೆ ಪ್ರಕಟಿಸುತ್ತೇವೆಂದು ಹೇಳಿದ ಒಂದು ಪತ್ರಿಕೆಗೆ ಸುಮಾರು ಹದಿನೈದು ಸಾವಿರ ರೂಪಾಯಿ ಕಟ್ಟಲು ಘಟಕದವರು ಸಿದ್ಧರಾಗಿದ್ದರು. ಯಾವ ವಿಮರ್ಶೆಯೂ ಇಲ್ಲದೆ ಹಣ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿರೆಂದು ತಡೆದು, ನನ್ನ ಶುಲ್ಕ ನಾಲ್ಕೈದು ಸಾವಿರವೆಂದು ಹೇಳಿ, ಪ್ರಕರಣದ ಕಾಗದಗಳ ಕಟ್ಟನ್ನು ಮನೆಗೆ ತಂದೆ.

ಕಟ್ಟಿನಲ್ಲಿ ರೆಫರಲ್ ಚೀಟಿ, ದಾಖಲಾತಿಯ ಟಿಪ್ಪಣಿ, ನರ್ಸ್ ಚಾರ್ಟ್, ಔಷಧಿ ಚಾರ್ಟ್ ಮತ್ತು ವೈದ್ಯರು ಚೀಟಿಯ ಹಿಂಬದಿಯಲ್ಲಿ ಗೀಚಿದ ನಾಲ್ಕು ಸಾಲುಗಳಿದ್ದವು. ರೆಫರಲ್ ಚೀಟಿಯಲ್ಲಿ "ಕಡಿತ ಬೆಳಿಗ್ಗೆ 4ಕ್ಕೆ" ಎಂದಿದ್ದರೆ, ದಾಖಲಾತಿಯ ಟಿಪ್ಪಣಿಯಲ್ಲಿ "ರಾತ್ರಿ 2ಕ್ಕೆ" ಎಂದಿತ್ತು. ನರ್ಸ್ ಚಾರ್ಟಿನ ದಿನ ಬೆಳಿಗ್ಗೆ 8ಕ್ಕೆ ಬದಲಾದರೆ, ವೈದ್ಯರ ದಿನ ಕ್ಯಾಲೆಂಡರಿನ ತಾರೀಖಿನಂತೆ ಮಧ್ಯರಾತ್ರಿಗೆ ಬದಲಾಗುತ್ತಿತ್ತು. ಗೊಂದಲದ ಮೂಲ ಇದೇ ಆಗಿತ್ತು. ಕಡಿತದ ಹೊತ್ತು ನಿಜವಾಗಿ ಯಾರಿಗೂ ಗೊತ್ತಿಲ್ಲದಿರುವಾಗ ಅದನ್ನು ಶೂನ್ಯ ಗಂಟೆಯೆಂದು ಇಡುವುದೇ ತಪ್ಪು. ಆದ್ದರಿಂದ ಹೊಟ್ಟೆನೋವಿನಿಂದ ಎಚ್ಚರವಾದ ನಸುಕಿನ 4 ಗಂಟೆಯನ್ನು ಶೂನ್ಯವಾಗಿಟ್ಟು, ಮಲಗಿದ ರಾತ್ರಿ 10.30ರಿಂದ ಆ ಹೊತ್ತಿನವರೆಗಿನ ಐದೂವರೆ ಗಂಟೆಯೊಳಗೆ ಯಾವಾಗಲೋ ಕಡಿತವಾಗಿರಬೇಕೆಂದು ರೋಗಿಯ ಮಾಹಿತಿಯಲ್ಲಿ ಬರೆದೆ. ಮನೆಯವರಿಂದ ಈ ಹೊತ್ತುಗಳನ್ನು ಕೇಳಿ ತೆಗೆಯಲು ನನ್ನದೊಂದು ವಿಧಾನವಿದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ಶೂನ್ಯ ಗಟ್ಟಿಯಾದ ಮೇಲೆ ಪ್ರತಿ ತುಣುಕಿಗೂ ಗಂಟೆಯನ್ನು ಹಚ್ಚಬಹುದು. ಒಂದೂವರೆ ಗಂಟೆಗೆ ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿ ರೆಪ್ಪೆ ಇಳಿದದ್ದನ್ನು ಕಂಡು ಹಾವಿನ ನಂಜಿಗೆ ಕೊಡುವ ಪ್ರತಿವಿಷ ಎ.ಎಸ್.ವಿ. ಹತ್ತು ವೈಲ್, ಮೂರೂವರೆ ಗಂಟೆಗೆ ದೊಡ್ಡ ಆಸ್ಪತ್ರೆ, ಅಲ್ಲಿ ಇನ್ನೂ ಹತ್ತು, ನಾಲ್ಕೂಕಾಲು ಗಂಟೆಗೆ ಉಸಿರಿನ ಕೊಳವೆ. ಕೊಳವೆಯನ್ನು ತೆಗೆದದ್ದು ಐದನೆಯ ದಿನದ ಮಧ್ಯಾಹ್ನ 2ಕ್ಕೆ, ಅಂದರೆ 106ನೆಯ ಗಂಟೆಗೆ. ಹೀಗೆ ಎಣಿಸಿದಾಗ ವೆಂಟಿಲೇಟರ್ ಅವಧಿ ಸುಮಾರು 102 ಗಂಟೆಯಾಯಿತು. ಸಾರಾಂಶದ "ಆರು ದಿನ" ಮತ್ತು ಒಳಗಿನ "ನಾಲ್ಕು ದಿನ" ಎರಡೂ ಅಲ್ಲಿಗೆ ಬಿದ್ದುಹೋದವು.

ಪಟ್ಟಿಯಲ್ಲಿ ಗಂಟೆ ಮತ್ತು ಯಾವ ಕಾಗದದಿಂದ ಬಂತೆಂಬುದರ ಜೊತೆಗೆ ಮೂರು ಕಾಲಂಗಳನ್ನು ಇಡುತ್ತೇನೆ: ಕಂಡದ್ದು, ಮಾಡಿದ್ದು, ಅಂದುಕೊಂಡದ್ದು. ವೈದ್ಯರ ಸಾಲುಗಳಲ್ಲಿ ಈ ಮೂರೂ ಬೆರೆತಿರುತ್ತವೆ. ಗೀಚಿದ ಒಂದು ಸಾಲು ಹೀಗಿತ್ತು: "ಎ.ಎಸ್.ವಿ. 20, ನಿಯೋಸ್ಟಿಗ್ಮಿನ್ ಕೊಟ್ಟರೂ ರೆಪ್ಪೆ ಏಳಲಿಲ್ಲ, ಪ್ರಿಸಿನಾಪ್ಟಿಕ್, ಆದ್ದರಿಂದ ಕ್ರೇಟ್." ಇದನ್ನು ಹಾಗೆಯೇ ಚಿಕಿತ್ಸೆಯ ಶೀರ್ಷಿಕೆಯಡಿ ಇಟ್ಟರೆ ವಿಮರ್ಶಕ ಮೊದಲು ಹಿಡಿಯುವುದು ಅದನ್ನೇ. ಎ.ಎಸ್.ವಿ. ಕೊಟ್ಟ ಪ್ರಮಾಣ ಮತ್ತು ಹೊತ್ತು ಚಿಕಿತ್ಸೆಗೆ ಹೋಗಬೇಕು. ಅದರ ನಂತರ ರೆಪ್ಪೆ ಯಾವಾಗ ಎದ್ದಿತು, ಕೈಕಾಲಿನ ಬಲ ಯಾವಾಗ ಬಂತು ಎಂಬುದು ಅನುಸರಣೆ ಮತ್ತು ಫಲಿತಾಂಶಕ್ಕೆ. ನಂಜು ನರದ ತುದಿಯಲ್ಲೇ, ಅಂದರೆ ಪ್ರಿಸಿನಾಪ್ಟಿಕ್ ಆಗಿ, ಕೆಲಸ ಮಾಡುವುದರಿಂದ ಸ್ನಾಯುಗಳ ದುರ್ಬಲತೆಗೆ ಕೊಡುವ ನಿಯೋಸ್ಟಿಗ್ಮಿನ್ ಹೆಚ್ಚು ಸಹಾಯ ಮಾಡುವುದಿಲ್ಲವೆಂಬ ವಾದ ಚರ್ಚೆಗೆ. ನಿಯೋಸ್ಟಿಗ್ಮಿನ್ ಎಲ್ಲಿಗೆ ಸೇರಬೇಕೆಂಬುದಕ್ಕೆ ನಾವು ಒಂದು ಸಂಜೆ ಪೂರ್ತಿ ವಾದಿಸಿದೆವು. ಅಟ್ರೋಪಿನ್ ಜೊತೆಗೆ ಒಮ್ಮೆ ಮಾತ್ರ ಕೊಟ್ಟು, ಸುಧಾರಣೆ ಕಾಣದೆ ನಿಲ್ಲಿಸಿದ್ದರಿಂದ ಅದು ಪರೀಕ್ಷೆಯೇ, ಆದ್ದರಿಂದ ರೋಗನಿರ್ಣಯದ ಶೀರ್ಷಿಕೆಗೆ ಸೇರಬೇಕೆಂಬುದು ನನ್ನ ನಿಲುವಾಗಿತ್ತು, ಅದೇ ಉಳಿಯಿತು. ಗಾಜಿನ ನಳಿಕೆಯ ಇಪ್ಪತ್ತು ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಸರಿಯಿದ್ದದ್ದು, ಜ್ವರವಿಲ್ಲದ್ದು, ದುರ್ಬಲತೆ ದಿನಗಳಲ್ಲಲ್ಲ, ಗಂಟೆಗಳಲ್ಲಿ ಏರಿದ್ದು ಕೂಡ ಅಲ್ಲಿಯೇ ಬಂದವು. ಇದೇ ತರಹದ ದುರ್ಬಲತೆ ತರುವ ಗಿಲಾನ್ ಬಾರೆ ಮತ್ತು ಮಯಸ್ತೇನಿಯಾ ರೋಗಗಳನ್ನು ಏಕೆ ಬಿಟ್ಟರೆಂಬುದಕ್ಕೆ ಗಂಟೆಗಳಲ್ಲಿ ಏರಿದ ಆ ದುರ್ಬಲತೆ ಮತ್ತು ನಿಯೋಸ್ಟಿಗ್ಮಿನ್ ಪರೀಕ್ಷೆಯೇ ಆಧಾರ.

ಟಿಪ್ಪಣಿ ತೆಗೆಯುವ ಬದಲು ವೈದ್ಯರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿಯೂ ನೋಡಿದ್ದೇನೆ. ಮಾತು ಸಮೃದ್ಧವಾಗಿ ಬರುತ್ತದೆ, ಆದರೆ ಗಂಟೆಗಳೆಲ್ಲ "ಆಮ್ಯಾಲೆ", "ಸ್ವಲ್ಪ ಹೊತ್ತಿಗೆ" ಆಗಿಬಿಡುತ್ತವೆ. ಚರ್ಚೆಯ ಭಾಗಕ್ಕೆ ಮಾತ್ರ ಅದು ಒಳ್ಳೆಯದು, ಸಮಯದ ಪಟ್ಟಿಗೆ ಔಷಧಿ ಚಾರ್ಟಿನಷ್ಟು ನಂಬಿಕಸ್ತ ಕಾಗದ ಬೇರೊಂದಿಲ್ಲ.

ಎಲ್ಲರೂ ಖಾಲಿ ಬಿಡುವ "ರೋಗಿಯ ದೃಷ್ಟಿ" ಎಂಬ ಶೀರ್ಷಿಕೆಯೇ ಈ ವರದಿಗೆ ಬಲ ಕೊಟ್ಟಿತು. ಚೇತರಿಸಿಕೊಂಡ ಆ ಯುವಕ, "ನಿಮ್ಮ ಮಾತೆಲ್ಲಾ ಕೇಳಸ್ತಿತ್ರೀ, ಕಣ್ಣ ತಗಿಯಾಕ ಬರ್ತಿದ್ದಿಲ್ಲ" ಎಂದಿದ್ದ. ಕೈಕಾಲು ಆಡದೆ, ಕಣ್ಣಿನ ಪಾಪೆ ಬೆಳಕಿಗೆ ಕುಗ್ಗದೆ ಇದ್ದಾಗ ಹೊರಗಿನವರಿಗೆ ಮಿದುಳೇ ಹೋಗಿದೆ ಎನಿಸುವ ಈ ನಂಜಿನಲ್ಲಿ ಪ್ರಜ್ಞೆ ಉಳಿದಿರುತ್ತದೆಂಬುದಕ್ಕೆ ಆ ಮಾತಿಗಿಂತ ದೊಡ್ಡ ಸಾಕ್ಷಿ ಚಾರ್ಟಿನಲ್ಲಿ ಇರಲಿಲ್ಲ. ಒಪ್ಪಿಗೆಪತ್ರದ ಬಗ್ಗೆಯೂ ಹೇಳಲೇಬೇಕು. ದಾಖಲಾದಾಗ ಅಣ್ಣ ಹಾಕಿದ ಸಹಿ ಚಿಕಿತ್ಸೆಗೆ ಮಾತ್ರ. ಪ್ರಕಟಣೆಯ ಒಪ್ಪಿಗೆಯನ್ನು ರೋಗಿಯಿಂದಲೇ, ಕನ್ನಡದಲ್ಲಿ ಓದಿ ಹೇಳಿ, ಹೊಸದಾಗಿ ಪಡೆಯಬೇಕು. ಅದಕ್ಕಾಗಿ ಹಳ್ಳಿಗೆ ಹೋಗಿಬಂದ ಖರ್ಚು ಕೆಲವು ನೂರು ರೂಪಾಯಿಯಾಯಿತು. ವರದಿಯಲ್ಲಿ ಊರು, ತಾರೀಖು, ಆಸ್ಪತ್ರೆಯ ಸಂಖ್ಯೆ ಯಾವುದೂ ಇಲ್ಲ. ಗಂಟೆಗಳ ಪಟ್ಟಿಯೇ ತಾರೀಖಿನ ಜಾಗವನ್ನು ತುಂಬುವುದರಿಂದ ಅದರಿಂದ ಏನೂ ಕೊರತೆಯಾಗಲಿಲ್ಲ.

ಪೀಠಿಕೆಯನ್ನು ಕೊನೆಯಲ್ಲಿ, ಏಳೆಂಟು ಸಾಲಿನಲ್ಲಿ ಮುಗಿಸಿದೆ. ಅದಕ್ಕೂ ಆಮೇಲೆ ಇಡೀ ವರದಿಯ ತಲೆಬರಹ ಬಂತು. ಹಿರಿಯ ವೈದ್ಯರಿಗೆ "ಕ್ರೇಟ್ ಕಡಿತ" ಎಂದೇ ಇರಬೇಕೆಂಬ ಆಸೆಯಿತ್ತು. ಹಾವನ್ನು ಯಾರೂ ನೋಡಿಲ್ಲ, ಗುರುತೂ ಇಲ್ಲ, ಆದ್ದರಿಂದ "ಸಂಭಾವ್ಯ" ಎಂಬ ಮಾತು ಇರಲೇಬೇಕೆಂದು ನಾನು ಹಟ ಹಿಡಿದೆ. ವಿಮರ್ಶಕರು ಈ ಸಲ ಕೇಳಿದ್ದು ಸಣ್ಣಪುಟ್ಟ ವಿವರಗಳನ್ನು ಮಾತ್ರ. ಗಂಟೆಗಳ ಬಗ್ಗೆಯಾಗಲಿ ತಲೆಬರಹದ ಬಗ್ಗೆಯಾಗಲಿ ಒಂದು ಪ್ರಶ್ನೆಯೂ ಬರಲಿಲ್ಲ. ಈಗ ಅದೇ ಘಟಕದಿಂದ ಚೇಳು ಕಡಿತದ ಕಟ್ಟೊಂದು ಬಂದಿದೆ, ಅದರ ಮೇಲೆ ವೈದ್ಯರೇ ಮೂರು ಕಾಲಂ ಎಳೆದು ಕಳಿಸಿದ್ದಾರೆ.