ವರ್ಷ ತುಂಬುವ ತನಕ ಮಗುವಿಗೆ ಜೇನು ಬೇಡ. ಮನೆಯ ಜೇನನ್ನು ಇಡುವುದು ಹೀಗೆ

ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಸವರುವುದು, ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವುದು ನಮ್ಮ ಅನೇಕ ಮನೆಗಳಲ್ಲಿ ಇಂದಿಗೂ ಇದೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಇದನ್ನು ನಿಲ್ಲಿಸಲೇಬೇಕು.

ಮಣ್ಣಿನಲ್ಲಿ, ಧೂಳಿನಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಅದರ ಸ್ಪೋರ್‌ಗಳು, ಅಂದರೆ ಗಟ್ಟಿ ಕವಚದೊಳಗೆ ನಿದ್ರಿಸುವ ಕಣಗಳು, ಕೆಲವೊಮ್ಮೆ ಜೇನಿಗೂ ಸೇರುತ್ತವೆ. ಜೇನಿನಲ್ಲಿ ಅವು ಬೆಳೆಯುವುದಿಲ್ಲ, ಸಾಯುವುದೂ ಇಲ್ಲ. ದೊಡ್ಡವರ ಕರುಳಿನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ಅವಕ್ಕೆ ಮೊಳೆಯಲು ಬಿಡುವುದಿಲ್ಲ. ಎಳೆ ಮಗುವಿನ ಕರುಳಿನಲ್ಲಿ ಆ ಕಾವಲು ಇನ್ನೂ ಬಲಿತಿರುವುದಿಲ್ಲ. ಅಲ್ಲಿ ಸ್ಪೋರ್ ಮೊಳೆತು ವಿಷ ಉತ್ಪಾದಿಸುತ್ತದೆ, ಆ ವಿಷ ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ. ಈ ಕಾಯಿಲೆ ಶಿಶು ಬೊಟುಲಿಸಂ. ವೈದ್ಯರು ಇದನ್ನು ಮೊದಲು ಗುರುತಿಸಿದ್ದು 1976ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ.

ನಾಲ್ಕು ತಿಂಗಳ ಮಗುವಿಗೆ ಶೀತವೆಂದು ಅಜ್ಜಿ ತುಳಸಿ ರಸಕ್ಕೆ ಜೇನು ಬೆರೆಸಿ ನೆಕ್ಕಿಸಿದರು ಎನ್ನಿ. ಮರುದಿನ ಏನೂ ಆಗದಿರಬಹುದು. ಲಕ್ಷಣ ಕಾಣಿಸಲು ಕೆಲವು ದಿನಗಳಿಂದ ಹಿಡಿದು ಒಂದು ತಿಂಗಳವರೆಗೂ ಬೇಕಾಗಬಹುದು. ಹೀಗಾಗಿ ಜೇನಿನ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ. ಸಾಮಾನ್ಯವಾಗಿ ಮೊದಲು ಮಲಬದ್ಧತೆ ಶುರುವಾಗುತ್ತದೆ. ಬಳಿಕ ಹಾಲು ಚೀಪುವ ಶಕ್ತಿ ಕುಗ್ಗುತ್ತದೆ, ಅಳು ಕ್ಷೀಣವಾಗುತ್ತದೆ, ರೆಪ್ಪೆ ಜೋಲುತ್ತದೆ, ಕತ್ತು ನಿಲ್ಲುವುದಿಲ್ಲ. ಹೀಗೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ, ಜೇನು ಕೊಟ್ಟಿದ್ದನ್ನು ಮುಚ್ಚಿಡದೆ ಹೇಳಿ. ಉಸಿರಾಟದ ಸ್ನಾಯುಗಳೂ ಸೋಲಬಹುದು. ಸಕಾಲದಲ್ಲಿ ಚಿಕಿತ್ಸೆ ಸಿಕ್ಕರೆ ಹೆಚ್ಚಿನ ಮಕ್ಕಳು ಚೇತರಿಸಿಕೊಳ್ಳುತ್ತಾರೆ, ಆದರೆ ಅದಕ್ಕೆ ವಾರಗಳೇ ಹಿಡಿಯಬಹುದು.

ಕುದಿಸಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಮನೆಯ ಕುದಿತಕ್ಕೆ ಈ ಸ್ಪೋರ್ ಬಗ್ಗದು. ಜೇನು ಹಾಕಿ ಬೇಯಿಸಿದ ತಿಂಡಿಯೂ ಬೇಡ. ಕಾಡಿನ ಜೇನು, ಅಂಗಡಿಯ ಜೇನು ಎಂಬ ಭೇದವೂ ಇಲ್ಲಿಲ್ಲ. ನೋಡಿ, ಮೂಸಿ ಸ್ಪೋರ್ ಪತ್ತೆಹಚ್ಚಲಾಗದು. ಬಾಣಂತಿ ಜೇನು ತಿಂದರೆ ಎದೆಹಾಲಿನ ಮೂಲಕ ಮಗುವಿಗೆ ತೊಂದರೆಯಿಲ್ಲ.

ಇನ್ನು ದೊಡ್ಡವರಿಗಾಗಿ ಜೇನು ಇಡುವ ಕ್ರಮ. ತೊಳೆದು ಪೂರ್ತಿ ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ಒಲೆ ಮತ್ತು ಬಿಸಿಲಿನಿಂದ ದೂರವಿಡಿ. ಜೇನು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಮಲೆನಾಡು, ಕರಾವಳಿಯ ಮಳೆಗಾಲದಲ್ಲಂತೂ ಮುಚ್ಚಳ ತೆರೆದಿಡಲೇಬಾರದು. ಒಣ ಚಮಚವನ್ನೇ ಬಳಸಿ. ನೀರಿನಂಶ ಹೆಚ್ಚಿದರೆ ಯೀಸ್ಟ್ ಎದ್ದು ಜೇನು ಹುಳಿಯುತ್ತದೆ. ನಮ್ಮ ತುಡುವೆ ಜೇನಿನಲ್ಲಿ ನೀರು ಸಾಮಾನ್ಯವಾಗಿ ಹೆಚ್ಚೇ ಇರುವುದರಿಂದ ಈ ಎಚ್ಚರ ಇನ್ನಷ್ಟು ಬೇಕು. ನೊರೆ, ಹುಳಿ ವಾಸನೆ, ಮುಚ್ಚಳ ತೆರೆದಾಗ ಬುಸ್ಸೆನ್ನುವ ಗಾಳಿ ಇದ್ದರೆ ಹುಳಿದಿದೆ ಎಂದರ್ಥ; ಅದನ್ನು ಬಳಸಬೇಡಿ.

ತಳದಲ್ಲಿ ಹರಳುಗಟ್ಟಿದರೆ ಕೆಟ್ಟಿದೆ ಎಂದುಕೊಳ್ಳಬೇಡಿ, ಅದು ಗ್ಲೂಕೋಸ್ ಹರಳು. ಫ್ರಿಜ್‌ನಲ್ಲಿಟ್ಟರೆ ಇದು ಬೇಗ ಆಗುತ್ತದೆ. ಕೈಗೆ ಹಿತವೆನಿಸುವಷ್ಟು, ಸುಮಾರು 40 ಡಿಗ್ರಿ ಬಿಸಿಯ ನೀರಿನಲ್ಲಿ ಬಾಟಲಿ ಇಟ್ಟು, ನೀರು ಆರಿದಂತೆ ಬದಲಿಸುತ್ತಿದ್ದರೆ ಹರಳು ಕರಗುತ್ತದೆ. ನೇರ ಬೆಂಕಿಯ ಮೇಲಿಟ್ಟರೆ ಪರಿಮಳ ಹೋಗಿ ಬಣ್ಣ ಕಪ್ಪಾಗುತ್ತದೆ.